ಪ್ಯಾರಾದ ಮೊದಲ ವಾಕ್ಯವೇ ಮುಖ್ಯ ವಾಕ್ಯವಾಗಿರಬೇಕಾ?

ಪ್ರಶ್ನೆ: ಮೇಡಂ, ನಾನು ಏಳನೇ ತರಗತಿ. ಪರೀಕ್ಷೆಯಲ್ಲಿ ಗದ್ಯಭಾಗ ಕೊಟ್ಟು ‘ಈ ಪ್ಯಾರಾದ ಮುಖ್ಯ ವಾಕ್ಯ ಯಾವುದು? ಅದಕ್ಕೆ ಪೋಷಕವಾದ ಎರಡು ವಿವರ ಬರೆಯಿರಿ’ ಅಂತ ಕೇಳ್ತಾರೆ. ನಾನು ಯಾವಾಗಲೂ ಮೊದಲ ವಾಕ್ಯಾನೇ ಬರೀತೀನಿ. ಕೆಲವು ಸಲ ಸರಿ ಇರುತ್ತೆ, ಕೆಲವು ಸಲ ತಪ್ಪಾಗುತ್ತೆ. ಓದಿದರೆ ಎಲ್ಲಾ ವಾಕ್ಯಾನೂ ಮುಖ್ಯ ಅಂತಲೇ ಅನ್ನಿಸುತ್ತೆ. ಹೇಗೆ ಗುರುತಿಸೋದು?

ಉತ್ತರ: ಮೊದಲ ವಾಕ್ಯ ಬರೆದಾಗ ನಿನಗೆ ಕೆಲವು ಸಲವಾದರೂ ಅಂಕ ಬರುವುದಕ್ಕೆ ಕಾರಣವಿದೆ. ವಿಜ್ಞಾನ, ಸಮಾಜ ಪುಸ್ತಕಗಳಲ್ಲಿ ಬರೆಯುವವರು ಹೇಳಬೇಕಾದ ಮಾತನ್ನು ಮೊದಲೇ ಹೇಳಿ, ಆಮೇಲೆ ಅದನ್ನು ಬಿಡಿಸುವುದು ಹೆಚ್ಚು. ಆದರೆ ಅದು ಅವರ ರೂಢಿ ಅಷ್ಟೇ, ನಿಯಮವಲ್ಲ. ಆದ್ದರಿಂದ ವಾಕ್ಯ ಎಲ್ಲಿದೆ ಎಂದು ನೋಡುವುದನ್ನು ಬಿಟ್ಟು, ಅದು ಉಳಿದ ವಾಕ್ಯಗಳ ಜೊತೆ ಏನು ಮಾಡುತ್ತಿದೆ ಎಂದು ನೋಡಬೇಕು. ಒಂದು ಪ್ಯಾರಾ ಇಟ್ಟುಕೊಂಡೇ ನೋಡೋಣ. ವಾಕ್ಯಗಳಿಗೆ ನಾನೇ ಸಂಖ್ಯೆ ಹಾಕಿದ್ದೇನೆ. ನೀನೂ ಪೆನ್ಸಿಲ್‌ನಲ್ಲಿ ಹೀಗೆ ಹಾಕಿಕೊಳ್ಳುವುದು ಒಳ್ಳೆಯದು.

> (1) ಬೇಸಿಗೆಯಲ್ಲಿ ರಾಗಿ ಅಂಬಲಿ ಕುಡಿದರೆ ಹೊಟ್ಟೆ ತಣ್ಣಗಿರುತ್ತದೆ ಎಂದು ಮನೆಯಲ್ಲಿ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. (2) ಆದರೆ ಹಿಂದಿನ ರೈತರಿಗೆ ರಾಗಿ ಬರೀ ಊಟವಾಗಿರಲಿಲ್ಲ, ಬರಗಾಲಕ್ಕೂ ಆಸರೆಯಾಗಿತ್ತು. (3) ಭತ್ತದಷ್ಟು ನೀರು ಅದಕ್ಕೆ ಬೇಡ, ಮಳೆ ಕಡಿಮೆ ಬೀಳುವ ಹೊಲದಲ್ಲೂ ಬೆಳೆಯುತ್ತದೆ. (4) ನಡುವೆ ಮಳೆ ಕೈಕೊಟ್ಟು ಪೈರು ಬಾಡಿದರೂ, ಮತ್ತೆ ಒಂದು ಹದ ಮಳೆಯಾದರೆ ಚೇತರಿಸಿಕೊಳ್ಳುತ್ತದೆ. (5) ಕೊಯ್ಲಾದ ಮೇಲೂ ರಾಗಿ ಬೇಗ ಕೆಡುವುದಿಲ್ಲ. (6) ಕಾಳು ತೀರಾ ಸಣ್ಣದಾದ್ದರಿಂದ ಹುಳು ಹಿಡಿಯುವುದು ಕಡಿಮೆ. (7) ಅದಕ್ಕೇ ನೆಲದೊಳಗೆ ಹಗೇವು ತೋಡಿ, ಅದರಲ್ಲಿ ರಾಗಿ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು.

ಇದನ್ನು ತರಗತಿಯಲ್ಲಿ ಕೊಟ್ಟರೆ ಮಕ್ಕಳು ಸಾಮಾನ್ಯವಾಗಿ ಎರಡು ವಾಕ್ಯಗಳ ಕಡೆ ಬೆರಳು ಇಡುತ್ತಾರೆ. ಕೆಲವರು 1 ಎನ್ನುತ್ತಾರೆ, ಯಾಕೆಂದರೆ ಅದು ಮೊದಲಿದೆ. ಇನ್ನು ಕೆಲವರು 7 ಎನ್ನುತ್ತಾರೆ, ಯಾಕೆಂದರೆ ನೆಲದೊಳಗೆ ಗುಂಡಿ ತೋಡಿ ಧಾನ್ಯ ಇಡುತ್ತಿದ್ದರು ಎನ್ನುವುದು ಅವರಿಗೆ ಹೊಸದು, ಮನಸ್ಸಿನಲ್ಲಿ ಉಳಿಯುವುದೇ ಅದು. ‘ಎಲ್ಲಾ ವಾಕ್ಯವೂ ಮುಖ್ಯ ಅನ್ನಿಸುತ್ತೆ’ ಎಂದು ನೀನು ಬರೆದಿದ್ದೀಯಲ್ಲ, ಅದಕ್ಕೂ ಇದೇ ಕಾರಣ. ನಾವು ದಿನಬಳಕೆಯಲ್ಲಿ ‘ಮುಖ್ಯ’ ಎಂದರೆ ‘ಮರೆಯಬಾರದ್ದು’ ಎಂದು ತಿಳಿಯುತ್ತೇವೆ. ಇಲ್ಲಿ ಆ ಅರ್ಥ ಅಲ್ಲ. ಉಳಿದ ವಾಕ್ಯಗಳೆಲ್ಲ ಯಾವ ಮಾತನ್ನು ನಿಜ ಎಂದು ತೋರಿಸಲು ಬಂದಿವೆಯೋ, ಆ ಮಾತು ಇರುವ ವಾಕ್ಯವೇ ಮುಖ್ಯ ವಾಕ್ಯ. ಅದು ಸಪ್ಪೆಯಾಗಿಯೂ ಇರಬಹುದು. ಎಷ್ಟೋ ಸಲ ಪೋಷಕ ವಿವರಗಳೇ ಹೆಚ್ಚು ರುಚಿಯಾಗಿರುತ್ತವೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ನಿನಗೆ ಅನುಮಾನ ಬಂದ ವಾಕ್ಯವನ್ನು ಗಟ್ಟಿಯಾಗಿ ಓದಿ, ಅದಕ್ಕೆ ‘ಹೇಗೆ?’ ಅಥವಾ ‘ಯಾಕೆ?’ ಎಂದು ಕೇಳು. ಉಳಿದ ವಾಕ್ಯಗಳು ಉತ್ತರ ಕೊಡುತ್ತಿವೆಯಾ ನೋಡು.

1ನೇ ವಾಕ್ಯದಿಂದ ಶುರುಮಾಡೋಣ. ಅಂಬಲಿ ಕುಡಿದರೆ ಹೊಟ್ಟೆ ತಣ್ಣಗಿರುತ್ತದೆ. ಹೇಗೆ? ಮುಂದಿನ ಆರು ವಾಕ್ಯಗಳಲ್ಲಿ ಹೊಟ್ಟೆಯ ಸುದ್ದಿಯೇ ಇಲ್ಲ. ಅಂದರೆ 1ನೇ ವಾಕ್ಯ ನಿನ್ನನ್ನು ಮಾತಿಗೆ ಕರೆಯಲು ಬಾಗಿಲಲ್ಲಿ ನಿಂತಿದೆ ಅಷ್ಟೇ. ಅದು ಮುಖ್ಯ ವಾಕ್ಯವೂ ಅಲ್ಲ, ಪೋಷಕ ವಿವರವೂ ಅಲ್ಲ, ಪೀಠಿಕೆ. ಪ್ಯಾರಾದ ಪ್ರತಿ ವಾಕ್ಯವೂ ಈ ಎರಡರಲ್ಲಿ ಒಂದಾಗಿರಲೇಬೇಕು ಎಂದುಕೊಂಡು ಬಹಳ ಮಕ್ಕಳು ತೊಡಕಿಗೆ ಬೀಳುತ್ತಾರೆ. ಪೀಠಿಕೆಯ ವಾಕ್ಯವನ್ನು ಬದಿಗಿಡಬಹುದು. ಅದರ ನಂತರ ‘ಆದರೆ’ ಬಂದರೆ ಅಲ್ಲಿ ಸ್ವಲ್ಪ ನಿಲ್ಲು. ಬರೆದವರು ಪೀಠಿಕೆ ಮುಗಿಸಿ ತಮ್ಮ ಮಾತಿಗೆ ತಿರುಗುತ್ತಿರುವುದು ಬಹಳ ಸಲ ಆ ‘ಆದರೆ’ಯಲ್ಲೇ.

ಈಗ 2ನೇ ವಾಕ್ಯ. ರಾಗಿ ಬರಗಾಲಕ್ಕೆ ಆಸರೆಯಾಗಿತ್ತು. ಹೇಗೆ? ಕಡಿಮೆ ಮಳೆಯಲ್ಲೂ ಬೆಳೆಯುತ್ತಿತ್ತು. ಮತ್ತೆ? ಬಾಡಿದರೂ ಚೇತರಿಸಿಕೊಳ್ಳುತ್ತಿತ್ತು. ಮತ್ತೆ? ಕೂಡಿಟ್ಟರೆ ಕೆಡುತ್ತಿರಲಿಲ್ಲ, ಹಾಗಾಗಿ ಒಂದು ವರ್ಷದ ಬೆಳೆ ಮುಂದಿನ ಬರದ ವರ್ಷಕ್ಕೆ ಸಿಗುತ್ತಿತ್ತು. ಕೇಳಿದ ಪ್ರಶ್ನೆಗೆ 3ರಿಂದ 7ರವರೆಗೆ ಎಲ್ಲವೂ ಉತ್ತರವಾಗಿ ನಿಂತವು. 2ನೇ ವಾಕ್ಯವೇ ಮುಖ್ಯ ವಾಕ್ಯ.

ಇಲ್ಲಿಗೆ ಬಿಡಬಹುದಿತ್ತು, ಆದರೆ 5ನೇ ವಾಕ್ಯ ಒಂದಿದೆ. ಜಾಣ ಮಕ್ಕಳು ತಪ್ಪುವುದು ಅಲ್ಲಿ. ‘ಕೊಯ್ಲಾದ ಮೇಲೂ ರಾಗಿ ಬೇಗ ಕೆಡುವುದಿಲ್ಲ.’ ಯಾಕೆ? ಕಾಳು ಸಣ್ಣದು, ಹುಳು ಹಿಡಿಯುವುದು ಕಡಿಮೆ. ಹೌದಲ್ಲ, ಇದಕ್ಕೂ ಉತ್ತರ ಸಿಕ್ಕಿತು! ಹಾಗಾದರೆ ಇದೂ ಮುಖ್ಯ ವಾಕ್ಯವೇ? ಎಷ್ಟು ವಾಕ್ಯಗಳು ಉತ್ತರ ಕೊಟ್ಟವು ಎಂದು ಎಣಿಸು. 6 ಮತ್ತು 7 ಮಾತ್ರ. 3 ಮತ್ತು 4 ಹೊಲದಲ್ಲಿ ನಿಂತ ಪೈರಿನ ಮಾತು, ಕೆಡದೆ ಉಳಿಯುವುದಕ್ಕೂ ಅವಕ್ಕೂ ಸಂಬಂಧವಿಲ್ಲ. ಆದ್ದರಿಂದ 5 ಪೋಷಕ ವಿವರವೇ, ಆದರೆ ತನ್ನ ಕೆಳಗೆ ಮತ್ತೆರಡು ಸಣ್ಣ ವಿವರಗಳನ್ನು ಇಟ್ಟುಕೊಂಡಿರುವ ಪೋಷಕ ವಿವರ. ತಮ್ಮನಿಗೆ ಅಣ್ಣನಾದವನು ಮನೆಯಲ್ಲಿ ಇನ್ನೂ ಮಗನೇ ಅಲ್ಲವೇ, ಹಾಗೆ. ‘ಎರಡು ಪೋಷಕ ವಿವರ ಬರೆಯಿರಿ’ ಎಂದು ಕೇಳಿದಾಗ 6 ಮತ್ತು 7ನ್ನು ಬರೆದರೆ ಎರಡೂ ಒಂದೇ ಕಡೆಯಿಂದ ಬಂದಂತಾಗುತ್ತದೆ. 3 ಮತ್ತು 5ನ್ನು ಬರೆದರೆ ಬೆಳೆಯುವುದು, ಉಳಿಯುವುದು ಎಂಬ ಎರಡು ಬೇರೆ ಬೇರೆ ಕಾರಣಗಳು ಬರುತ್ತವೆ. ನಾನು ತಿದ್ದುವಾಗ ಎರಡನೆಯದಕ್ಕೇ ಪೂರ್ತಿ ಅಂಕ ಕೊಡುತ್ತೇನೆ.

ಅದೇ 5ನೇ ವಾಕ್ಯದಲ್ಲಿ ಒಂದು ಸಣ್ಣ ಅಕ್ಷರ ನಿನಗೆ ಗುಟ್ಟು ಹೇಳುತ್ತಿದೆ. ‘ಕೊಯ್ಲಾದ ಮೇಲೆ’ ಎಂದಿಲ್ಲ, ‘ಮೇಲೂ’ ಎಂದಿದೆ. ಆ ‘ಊ’ ಯಾಕೆ ಬಂತು? ಕೊಯ್ಲಿಗೆ ಮುಂಚಿನ ಗುಣವನ್ನು ಆಗಲೇ ಹೇಳಿ ಆಗಿದೆ, ಈಗ ಅದೇ ಸಾಲಿಗೆ ಇನ್ನೊಂದನ್ನು ಸೇರಿಸುತ್ತಿದ್ದೇವೆ ಎಂದು ತಿಳಿಸಲು. ಅಂದರೆ 5ನೇ ವಾಕ್ಯ 3, 4ರ ಪಕ್ಕದಲ್ಲಿ ಕೂರುತ್ತದೆ, ಅವುಗಳ ತಲೆಯ ಮೇಲಲ್ಲ. ‘ಇದಲ್ಲದೆ’, ‘ಜೊತೆಗೆ’ ಎನ್ನುವ ಪದಗಳೂ ಇದೇ ಕೆಲಸ ಮಾಡುತ್ತವೆ. ‘ಉದಾಹರಣೆಗೆ’, ‘ಏಕೆಂದರೆ’ ಎಂದು ಶುರುವಾದರೆ ಆ ವಾಕ್ಯ ಹಿಂದಿನ ಮಾತಿಗೆ ಆಸರೆಯಾಗಿ ಬಂದಿದೆ ಎಂದರ್ಥ. ಆದರೆ ಇವು ಸುಳಿವುಗಳು, ತೀರ್ಪಲ್ಲ. 2ನೇ ವಾಕ್ಯದಲ್ಲೂ ‘ಬರಗಾಲಕ್ಕೂ’ ಎಂಬ ‘ಊ’ ಇದೆ ನೋಡು, ಆದರೂ ಅದೇ ಮುಖ್ಯ ವಾಕ್ಯ. ಸುಳಿವು ಸಿಕ್ಕಿದ ಮೇಲೂ ‘ಹೇಗೆ?’ ಎಂದು ಕೇಳಿಯೇ ನಿರ್ಧರಿಸಬೇಕು.

ಇನ್ನೊಂದು ಬಲೆ ಅಂಕಿಯದು. ಈ ಪ್ಯಾರಾದ ನಡುವೆ ‘100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ’ ಎಂಬ ವಾಕ್ಯ ಸೇರಿಸಿದೆ ಎಂದುಕೋ. ಮಾತು ನಿಜ, ಅಂಕಿಯೂ ಇದೆ, ನೋಡಲು ಭಾರವಾಗಿದೆ. ತರಗತಿಯಲ್ಲಿ ಸೇರಿಸಿ ಕೊಟ್ಟಾಗ ಕೆಲವರು ಅದನ್ನೇ ಮುಖ್ಯ ವಾಕ್ಯ ಎಂದು ಬರೆದದ್ದುಂಟು. ಈಗ ತಿರುಗಿಸಿ ಕೇಳಿನೋಡು: ಈ ಮಾತನ್ನು ಇಲ್ಲಿ ಯಾಕೆ ಹೇಳಿದರು? ಬರಗಾಲಕ್ಕೆ ಆಸರೆ ಎನ್ನುವುದನ್ನು ಕ್ಯಾಲ್ಸಿಯಂ ತೋರಿಸುವುದಿಲ್ಲ. ಆ ವಾಕ್ಯಕ್ಕೆ ಈ ಪ್ಯಾರಾದಲ್ಲಿ ಜಾಗವೇ ಇಲ್ಲ; ರಾಗಿಯ ಪೋಷಕಾಂಶದ ಬಗ್ಗೆ ಬರೆದ ಬೇರೆ ಪ್ಯಾರಾಕ್ಕೆ ಅದು ಸೇರಬೇಕು. ಒಂದೇ ವಿಷಯದ ಮೇಲೆ ಇದ್ದ ಮಾತ್ರಕ್ಕೆ ಒಂದು ವಾಕ್ಯ ಪೋಷಕ ವಿವರ ಆಗುವುದಿಲ್ಲ. ‘ರಾಗಿ’ ಎನ್ನುವುದು ವಿಷಯ, ಒಂದೇ ಪದದಲ್ಲಿ ಮುಗಿಯುತ್ತದೆ. ‘ರಾಗಿ ಬರಗಾಲಕ್ಕೆ ಆಸರೆಯಾಗಿತ್ತು’ ಎನ್ನುವುದು ಆ ವಿಷಯದ ಬಗ್ಗೆ ಬರೆದವರು ಹೇಳುವ ಮಾತು. ಪೋಷಕ ವಿವರ ಹೊಂದಬೇಕಾದದ್ದು ಈ ಮಾತಿಗೆ. ಹಾಗೆಯೇ ಕೆಲವು ಮಕ್ಕಳು ‘ರಾಗಿ ಒಳ್ಳೆಯ ಧಾನ್ಯ’ ಎಂದು ತಾವೇ ಬರೆದುಬಿಡುತ್ತಾರೆ. ಅದು ತಪ್ಪು ಮಾತಲ್ಲ, ಆದರೆ ವಿಪರೀತ ಅಗಲವಾಯಿತು. ಕ್ಯಾಲ್ಸಿಯಂ, ಅಂಬಲಿ, ಮುದ್ದೆ ಎಲ್ಲವೂ ಅದರಡಿ ತೂರಿಕೊಳ್ಳುತ್ತವೆ.

ಮುಖ್ಯ ವಾಕ್ಯ ಕೊನೆಯಲ್ಲಿ ಬಂದರೆ ಹೇಗಿರುತ್ತದೆ ಎಂದು ಒಂದು ಚಿಕ್ಕ ಪ್ಯಾರಾದಲ್ಲಿ ನೋಡು.

> ಕೆರೆಯ ಏರಿಯು ಹರಿದು ಬಂದ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಕೆಳಗಿನ ಗದ್ದೆಗಳಿಗೆ ಬೇಕಾದಾಗ ಬೇಕಾದಷ್ಟು ನೀರು ಬಿಡುತ್ತದೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿಯಿಂದ ಹೊರಗೆ ಹರಿದು, ಏರಿ ಒಡೆಯದೆ ಉಳಿಯುತ್ತದೆ. ಹೀಗೆ ಕೆರೆ ಎಂದರೆ ನೀರು ನಿಂತ ಗುಂಡಿಯಲ್ಲ, ಒಂದೊಂದು ಭಾಗಕ್ಕೂ ಒಂದೊಂದು ಕೆಲಸವಿರುವ ರಚನೆ.

ಮೊದಲ ವಾಕ್ಯಕ್ಕೆ ‘ಹೇಗೆ?’ ಎಂದು ಕೇಳಿದರೆ ತೂಬಾಗಲಿ ಕೋಡಿಯಾಗಲಿ ಉತ್ತರ ಕೊಡುವುದಿಲ್ಲ. ಏರಿ, ತೂಬು, ಕೋಡಿ ಮೂರೂ ಒಂದೇ ಮಟ್ಟದಲ್ಲಿ ಸಾಲಾಗಿ ನಿಂತಿವೆ. ಕೊನೆಯ ವಾಕ್ಯಕ್ಕೆ ‘ಒಂದೊಂದು ಭಾಗಕ್ಕೂ ಯಾವ ಕೆಲಸ?’ ಎಂದು ಕೇಳಿದರೆ ಮೂರೂ ಉತ್ತರವಾಗುತ್ತವೆ. ‘ಹೀಗೆ’ ಎಂಬ ಪದವೂ ಅಷ್ಟು ಹೊತ್ತು ಹೇಳಿದ್ದನ್ನು ಒಟ್ಟಿಗೆ ಹಿಡಿಯಲು ಬಂದಿದೆ.

ಈಗ ಆ ಕೊನೆಯ ವಾಕ್ಯವನ್ನು ಕೈಯಿಂದ ಮುಚ್ಚು. ಉಳಿದ ಮೂರೂ ವಿವರಗಳೇ, ಮುಖ್ಯ ವಾಕ್ಯ ಕಾಣುತ್ತಿಲ್ಲ. ಇಂಥ ಪ್ಯಾರಾಗಳೂ ಪುಸ್ತಕದಲ್ಲಿ ಸಿಗುತ್ತವೆ. ಆಗ ಪ್ರಶ್ನೆಯಲ್ಲಿ ‘ಮುಖ್ಯ ವಾಕ್ಯ’ ಎನ್ನದೆ ‘ಈ ಪ್ಯಾರಾದ ಮುಖ್ಯ ಅಂಶವೇನು?’ ಎಂದು ಕೇಳಿರುತ್ತಾರೆ. ಇರುವ ಮೂರರಲ್ಲಿ ಒಂದನ್ನು ಆರಿಸಿ ಬರೆದರೆ ಅಂಕ ಬರುವುದಿಲ್ಲ. ಮೂರಕ್ಕೂ ಹೊಂದುವ ವಾಕ್ಯವನ್ನು ನೀನೇ ಕಟ್ಟಬೇಕು. ‘ಕೆರೆಯಲ್ಲಿ ನೀರು ಇರುತ್ತದೆ’ ಎಂದು ಬರೆದರೆ ಏರಿ, ತೂಬು, ಕೋಡಿಗಳ ಕೆಲಸ ಅದರೊಳಗೆ ಬರಲಿಲ್ಲ. ‘ಏರಿ ಕೆರೆಯ ನೀರನ್ನು ಕಾಪಾಡುತ್ತದೆ’ ಎಂದರೆ ತೂಬು ಹೊರಗುಳಿಯಿತು. ‘ಕೆರೆಯ ಒಂದೊಂದು ಭಾಗವೂ ನೀರನ್ನು ಒಂದೊಂದು ರೀತಿಯಲ್ಲಿ ನಿಭಾಯಿಸುತ್ತದೆ’ ಎಂದು ಬರೆದೆಯಾದರೆ ಮೂರೂ ಒಳಗೆ ಬಂದವು, ಬೇರೇನೂ ಬರಲಿಲ್ಲ.