ಐದಂಕಿಯ ಹವಾಮಾನ ಕೇಂದ್ರ ಸಂಖ್ಯೆಯಲ್ಲಿ ದೇಶವನ್ನು ಗುರುತಿಸುವುದು: 43ನೇ ಬ್ಲಾಕ್‌ನ ಉದಾಹರಣೆ

ನೆಲದ ಮೇಲಿನ ವೀಕ್ಷಣಾಲಯಗಳು ನಿಗದಿತ ವೇಳೆಗೆ ಕಳುಹಿಸುವ ಸಿನಾಪ್ ಸಂದೇಶದ ಆರಂಭವನ್ನು ಮೊದಲು ನೋಡೋಣ. ಅಭ್ಯಾಸಕ್ಕಾಗಿ ನಾನೇ ಬರೆದುಕೊಂಡ ಮೂರು ಸಾಲುಗಳು ಇವು. ಮುಂದಿನ ಗುಂಪುಗಳನ್ನು ಬಿಟ್ಟಿದ್ದೇನೆ.

```
AAXX 15034 43295 ...
AAXX 15034 43466 ...
AAXX 15034 43555 ...
```

ಎರಡನೆಯ ಗುಂಪಿನಲ್ಲಿ 15 ಎಂಬುದು ತಾರೀಖು, 03 ಎಂಬುದು ವಿಶ್ವ ಸಮಯದ ಗಂಟೆ, ಅಂದರೆ ನಮ್ಮ ಗಡಿಯಾರದಲ್ಲಿ ಬೆಳಗಿನ ಎಂಟೂವರೆ; ಕೊನೆಯ 4 ಗಾಳಿಯ ವೇಗವನ್ನು ಉಪಕರಣದಿಂದ ನಾಟ್‌ಗಳಲ್ಲಿ ಅಳೆಯಲಾಗಿದೆ ಎಂದು ಸೂಚಿಸುತ್ತದೆ. ಮೂರನೆಯ ಗುಂಪೇ ಕೇಂದ್ರದ ಸಂಖ್ಯೆ. ಕೋಷ್ಟಕಗಳಲ್ಲಿ ಇದನ್ನು `IIiii` ಎಂದು ಬರೆದಿರುತ್ತಾರೆ. ಮೊದಲ ಎರಡು ಅಂಕಿಗಳು ಬ್ಲಾಕ್ ಸಂಖ್ಯೆ, ಉಳಿದ ಮೂರು ಆ ಬ್ಲಾಕ್‌ನೊಳಗಿನ ಕೇಂದ್ರದ ಸಂಖ್ಯೆ.

ಮೂರು ಸಾಲುಗಳಲ್ಲೂ ಬ್ಲಾಕ್ 43 ಆಗಿದ್ದರೂ ದೇಶಗಳು ಮೂರು: 43295 ಬೆಂಗಳೂರು, 43466 ಕೊಲಂಬೊ, 43555 ಮಾಲೆ. ಕಲಿಯುವವರು ಮೊದಲು ಎಡವುವುದು ಇಲ್ಲಿಯೇ. ದೂರವಾಣಿಯ ದೇಶ ಸಂಕೇತವನ್ನು ಓದಿದಂತೆ ಬ್ಲಾಕ್ ಸಂಖ್ಯೆಯನ್ನು ಓದಿ, 43 ಎಂದರೆ ಭಾರತ ಎಂದು ಬರೆದುಬಿಡುತ್ತೇವೆ. ಆದರೆ ಬ್ಲಾಕ್ ಹೇಳುವುದು ಭೂಭಾಗವನ್ನು ಮಾತ್ರ. ದೊಡ್ಡ ದೇಶವೊಂದು ಹಲವು ಬ್ಲಾಕ್‌ಗಳಲ್ಲಿ ಹರಡಿಕೊಂಡಿರುತ್ತದೆ (ಚೀನಾಕ್ಕೆ 50ರಿಂದ 59ರವರೆಗಿನ ಸಂಖ್ಯೆಗಳಿವೆ), ಚಿಕ್ಕ ದೇಶಗಳು ಒಂದೇ ಬ್ಲಾಕ್ ಅನ್ನು ಹಂಚಿಕೊಳ್ಳುತ್ತವೆ. ಭಾರತದಲ್ಲಿ ಈ ಎರಡೂ ನಡೆದಿದೆ: 42ನೇ ಬ್ಲಾಕ್ ಉತ್ತರ ಭಾಗಕ್ಕೆ ಸೇರಿದ್ದರೆ, ದಕ್ಷಿಣ ಭಾಗವು ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗಳ ಜೊತೆ 43ರಲ್ಲಿದೆ.

ಆದ್ದರಿಂದ ಬ್ಲಾಕ್ ಓದಿದ ಮೇಲೆ ನಿಲ್ಲದೆ ಮೂರನೆಯ ಅಂಕಿಯನ್ನೂ ನೋಡಬೇಕು. 43ರಲ್ಲಿ 400ರ ಸಾಲು ಶ್ರೀಲಂಕಾದ್ದು: ತ್ರಿಂಕೋಮಲಿ 43418, ಹಂಬನ್‌ತೋಟ 43497. ಮಾಲ್ಡೀವ್ಸ್ 500ರ ಸಾಲಿನಲ್ಲಿದೆ. 400ಕ್ಕಿಂತ ಕೆಳಗಿನವು ಭಾರತದವು. ಹೀಗೆ ಭಾರತವನ್ನು ಗುರುತಿಸುವ ಅಂಕಿಗಳು ವಾಸ್ತವದಲ್ಲಿ ಎರಡಲ್ಲ, ಮೂರು.

ಬ್ಲಾಕ್‌ನೊಳಗಿನ ಸಂಖ್ಯೆಗಳಿಗೂ ಒಂದು ನಡಿಗೆಯಿದೆ, ಅದನ್ನು ತಿಳಿದಿದ್ದರೆ ಓದು ಸುಲಭವಾಗುತ್ತದೆ. ಸಾಮಾನ್ಯವಾಗಿ ಸಂಖ್ಯೆಗಳು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತ, ಪ್ರತಿ ಪಟ್ಟಿಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಏರುತ್ತವೆ. ಶ್ರೀನಗರ 42027, ದೆಹಲಿಯ ಸಫ್ದರ್‌ಜಂಗ್ 42182, ಕೋಲ್ಕತ್ತದ ದಮ್‌ದಮ್ 42809 ಎಂದು ಇಳಿದು, ಮುಂಬೈನ ಸಾಂತಾಕ್ರೂಜ್ 43003ಕ್ಕೆ ಬರುವಾಗ ಬ್ಲಾಕ್ ಬದಲಾಗಿರುತ್ತದೆ. ಇನ್ನೂ ಹತ್ತಿರದಿಂದ ನೋಡಿದರೆ, ಚೆನ್ನೈನ ಮೀನಂಬಾಕಂ 43279, ಮಂಗಳೂರಿನ ಪಣಂಬೂರು 43285, ಬೆಂಗಳೂರು 43295. ಮೂರೂ ಹೆಚ್ಚು ಕಡಿಮೆ ಹದಿಮೂರು ಡಿಗ್ರಿ ಅಕ್ಷಾಂಶದವೇ ಆದರೂ ಚೆನ್ನೈ ಮೊದಲು ಬರುತ್ತದೆ, ಏಕೆಂದರೆ ಪೂರ್ವ ಕರಾವಳಿಯಲ್ಲಿ ಒಂದು ಸಾಲು ಮುಗಿದು, ಮುಂದಿನ ಸಾಲು ಪಶ್ಚಿಮ ಕರಾವಳಿಯಿಂದ ಮತ್ತೆ ಆರಂಭವಾಗಿದೆ. ಪುಟದ ಮೇಲೆ ನಾವು ಓದುವ ಕ್ರಮವೇ ಇದು. ಆದರೂ ಇದನ್ನು ಅಂದಾಜಿಗೆ ಮಾತ್ರ ಬಳಸಬೇಕು. ದೇಶವನ್ನು ಖಚಿತಪಡಿಸಿಕೊಳ್ಳಲು ವಿಶ್ವ ಹವಾಮಾನ ಸಂಸ್ಥೆಯ `OSCAR/Surface` ಪಟ್ಟಿಯಲ್ಲಿ ಪೂರ್ಣ ಸಂಖ್ಯೆಯನ್ನೇ ಹುಡುಕುವುದು ಸರಿಯಾದ ದಾರಿ.

ರಾಜಕೀಯ ಗಡಿಗಳು ಬದಲಾದಾಗಲೆಲ್ಲ ಬ್ಲಾಕ್‌ಗಳನ್ನು ಹೊಸದಾಗಿ ಹಂಚುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸೋವಿಯತ್ ಒಕ್ಕೂಟ ಒಡೆದು ಇಷ್ಟು ವರ್ಷಗಳಾದರೂ 26ನೇ ಬ್ಲಾಕ್‌ನಲ್ಲಿ ಎಸ್ಟೋನಿಯಾದ ಟಾಲಿನ್, ಲಾಟ್ವಿಯಾದ ರೀಗಾ, ಲಿಥುವೇನಿಯಾದ ವಿಲ್ನಿಯಸ್, ಬೆಲಾರೂಸ್‌ನ ಮಿನ್ಸ್ಕ್ ಮತ್ತು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಒಟ್ಟಿಗೇ ಇವೆ. ಅಂಟಾರ್ಕ್ಟಿಕಾದಲ್ಲಿ ಇನ್ನೊಂದು ಬಗೆಯ ತೊಡಕು: ನಮ್ಮ ಮೈತ್ರಿ ಕೇಂದ್ರದ ಸಂಖ್ಯೆ 89ರಿಂದ ಆರಂಭವಾಗುತ್ತದೆ, ಏಕೆಂದರೆ ಸಂಖ್ಯೆ ಹೇಳುವುದು ಕೇಂದ್ರ ಇರುವ ನೆಲವನ್ನೇ ಹೊರತು ಅದನ್ನು ನಡೆಸುವ ದೇಶವನ್ನಲ್ಲ.

ಇಷ್ಟೆಲ್ಲ ಸರಿಯಾಗಿ ಓದಿದರೂ ದಾರಿ ತಪ್ಪಿಸುವ ಸಂಖ್ಯೆಯೊಂದಿದೆ: 42001. ಶ್ರೀನಗರ 42027 ಎಂದು ತಿಳಿದವರು ಇದನ್ನು ಕಾಶ್ಮೀರದ ಯಾವುದೋ ಎತ್ತರದ ಕೇಂದ್ರವೆಂದು ಊಹಿಸುವುದು ಸಹಜ. ವಾಸ್ತವದಲ್ಲಿ ಈ ಹೆಸರಿನ ಪ್ರಸಿದ್ಧ ಮಾಪನ ಸ್ಥಳ ಮೆಕ್ಸಿಕೋ ಕೊಲ್ಲಿಯ ನಡುನೀರಿನಲ್ಲಿ ಅಮೆರಿಕವು ಲಂಗರು ಹಾಕಿ ನಿಲ್ಲಿಸಿರುವ ತೇಲುಮಾಪಕ. ತೇಲುಮಾಪಕಗಳ ಐದಂಕಿ ಸಂಖ್ಯೆಯ ರಚನೆಯೇ ಬೇರೆ. ಅಲ್ಲಿ ಮೊದಲ ಅಂಕಿ ವಿಶ್ವ ಹವಾಮಾನ ಸಂಸ್ಥೆಯ ಪ್ರಾದೇಶಿಕ ವಿಭಾಗವನ್ನು ಸೂಚಿಸುತ್ತದೆ, ಎರಡನೆಯದು ಅದರೊಳಗಿನ ಉಪಕ್ಷೇತ್ರವನ್ನು. ಆ ವಿಭಾಗಗಳಲ್ಲಿ ನಾಲ್ಕನೆಯದು ಉತ್ತರ ಮತ್ತು ಮಧ್ಯ ಅಮೆರಿಕ, ಏಷ್ಯಾ ಎರಡನೆಯದು. ನೆಲದ ಕೇಂದ್ರಗಳಲ್ಲಿ 4ರಿಂದ ಆರಂಭವಾಗುವ ಸಂಖ್ಯೆಗಳು ಏಷ್ಯಾದವು, ತೇಲುಮಾಪಕಗಳಲ್ಲಿ ಅಮೆರಿಕದವು. ಇವೆರಡನ್ನು ಬೇರ್ಪಡಿಸಲು ಸಂಖ್ಯೆಯನ್ನು ಎಷ್ಟು ದಿಟ್ಟಿಸಿದರೂ ಪ್ರಯೋಜನವಿಲ್ಲ, ಸಂದೇಶದ ಮೊದಲ ನಾಲ್ಕು ಅಕ್ಷರಗಳನ್ನು ನೋಡಬೇಕು. `AAXX` ಇದ್ದರೆ ನೆಲದ ಕೇಂದ್ರ, `BBXX` ಇದ್ದರೆ ಹಡಗು, `ZZYY` ಇದ್ದರೆ ತೇಲುಮಾಪಕ. ಬ್ಲಾಕ್ ಓದುವ ನಿಯಮ `AAXX` ಸಂದೇಶಕ್ಕೆ ಸಲ್ಲುತ್ತದೆ.

ಎರಡನೆಯ ಎಚ್ಚರಿಕೆ ಸೊನ್ನೆಯದು, ಇದನ್ನು ನಾನು ಸ್ವಂತ ತಪ್ಪಿನಿಂದ ಕಲಿತೆ. ಲಂಡನ್ನಿನ ಹೀಥ್ರೋ ಕೇಂದ್ರದ ಸಂಖ್ಯೆ 03772. 03ನೇ ಬ್ಲಾಕ್ ಬ್ರಿಟನ್ ಮತ್ತು ಐರ್ಲೆಂಡ್‌ಗಳದ್ದು. ಕಡತವನ್ನು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದರೆ ಮುಂದಿನ ಸೊನ್ನೆ ಉದುರಿ 3772 ಉಳಿಯುತ್ತದೆ. ನಾಲ್ಕೇ ಅಂಕಿಗಳಿರುವುದರಿಂದ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಆದರೆ ಅಮೆರಿಕದ ಗಂಟೆವಾರು ದತ್ತಾಂಶ ಸಂಗ್ರಹದಲ್ಲಿ ಇಂಥ ಸಂಖ್ಯೆಗಳ ಕೊನೆಗೆ ಒಂದು ಸೊನ್ನೆ ಸೇರಿಸಿ ಆರು ಅಂಕಿ ಮಾಡಿರುತ್ತಾರೆ: ಬೆಂಗಳೂರು 432950, ಹೀಥ್ರೋ 037720. ಈಗ ಮುಂದಿನ ಸೊನ್ನೆ ಉದುರಿದರೆ ಉಳಿಯುವುದು 37720, ನೋಡಲು ಅಚ್ಚುಕಟ್ಟಾದ ಐದಂಕಿ ಸಂಖ್ಯೆ. 37ನೇ ಬ್ಲಾಕ್‌ನಲ್ಲಿ ಜಾರ್ಜಿಯಾದ ಟಿಬಿಲಿಸಿ, ಆರ್ಮೇನಿಯಾದ ಯೆರೆವಾನ್, ಅಜರ್‌ಬೈಜಾನ್‌ನ ಬಾಕು ಇರುವುದರಿಂದ ನನ್ನ ಪಟ್ಟಿಯಲ್ಲಿ ಹೀಥ್ರೋ ಒಂದು ಮಧ್ಯಾಹ್ನವಿಡೀ ಕಾಕಸಸ್ ಪರ್ವತಗಳ ಕಡೆ ಕುಳಿತಿತ್ತು. ಪಕ್ಕದ ಅಂಕಣದಲ್ಲಿ ಅಕ್ಷಾಂಶ 51 ಡಿಗ್ರಿ ದಾಟಿದ್ದನ್ನು ಕಂಡಾಗ ತಪ್ಪು ಹೊಳೆಯಿತು, ಕಾಕಸಸ್‌ನ ಆ ಊರುಗಳೆಲ್ಲ 40ರ ಆಸುಪಾಸಿನವು. ಅಂದಿನಿಂದ ಈ ಅಂಕಣವನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿಯೇ ಓದಿಸುತ್ತೇನೆ, ಮತ್ತು ಬ್ಲಾಕ್ ತೆಗೆಯುವ ಮೊದಲು ಅಂಕಿಗಳ ಉದ್ದವನ್ನು ಎಣಿಸುತ್ತೇನೆ.

ಇತ್ತೀಚಿನ ಕಡತಗಳಲ್ಲಿ ಇದೇ ಬೆಂಗಳೂರು ಹೀಗೆ ಕಾಣುತ್ತದೆ:

```
0-20000-0-43295
```

ಇದು ನಾಲ್ಕು ಭಾಗಗಳ ಹೊಸ ಗುರುತು. ಇಲ್ಲಿಯ 20000 ದೇಶದ ಸಂಕೇತವಲ್ಲ, ಹಳೆಯ ಐದಂಕಿ ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ ಎಂಬ ಸೂಚನೆ. ಆದ್ದರಿಂದ ಕೊನೆಯ ಭಾಗವನ್ನು ತೆಗೆದುಕೊಂಡು ಮೇಲೆ ಹೇಳಿದಂತೆಯೇ ಬ್ಲಾಕ್ ಓದಬಹುದು. ಎರಡನೆಯ ಭಾಗದಲ್ಲಿ 356 ಇದ್ದರೆ ಅದು ಭಾರತದ ಅಂತರರಾಷ್ಟ್ರೀಯ ಮೂರಂಕಿ ಸಂಕೇತ. ಅಂಥ ಗುರುತಿನಲ್ಲಿ ಕೊನೆಯ ಭಾಗವನ್ನು ಭಾರತವೇ ತನಗೆ ಬೇಕಾದಂತೆ ಕೊಟ್ಟಿರುವುದರಿಂದ, ಅದರಲ್ಲಿ ಬ್ಲಾಕ್ ಹುಡುಕಬಾರದು.