ನಿಂತಲ್ಲೇ ನಿಂತ ಪ, ಕೆಳಗಿಳಿಯುವ ನೆಲ

ಕೀಬೋರ್ಡ್ ಇದ್ದರೆ ಹತ್ತಿರ ಎಳೆದುಕೊಳ್ಳಿ. ಇಲ್ಲದಿದ್ದರೆ ಫೋನಿನಲ್ಲಿ ಪಿಯಾನೋ ಆ್ಯಪ್ ಆದರೂ ಸಾಕು. ಬಲಗೈಯಲ್ಲಿ ಮಧ್ಯ ಸ್ಥಾಯಿಯ ಪ ಒತ್ತಿ ಹಿಡಿಯಿರಿ. ಎಡಗೈಯಲ್ಲಿ ಒಂದು ಸ್ಥಾಯಿ ಕೆಳಗಿನ ಸ ದಿಂದ ಶುರು ಮಾಡಿ, ಶಂಕರಾಭರಣದ ಅವರೋಹಣದಂತೆ ಒಂದೊಂದೇ ಸ್ವರ ಇಳಿಯಿರಿ: ಸ, ನಿ, ದ, ಪ, ಮ, ಗ. ಒಂದೊಂದರ ಮೇಲೂ ಎರಡು ಸೆಕೆಂಡ್ ನಿಲ್ಲಿ, ಪ ಸದ್ದು ಅಡಗುತ್ತಿದ್ದರೆ ಮತ್ತೆ ಮೆಲ್ಲಗೆ ಒತ್ತಿ. ಅವಸರ ಬೇಡ.

ಬಲಗೈ ಜಾಗ ಬಿಟ್ಟು ಕದಲಿಲ್ಲ. ಸದ್ದೂ ಜಾಸ್ತಿಯಾಗಿಲ್ಲ. ಆದರೂ ಆ ಪ ಮೇಲಕ್ಕೇರುತ್ತಿದೆ ಅನ್ನಿಸುತ್ತದೆ, ಅಲ್ವಾ?

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಕೀಬೋರ್ಡಿನ ಸಿ ಮನೆಯನ್ನೇ ಸ ಅಂದುಕೊಂಡರೆ ಎಡಗೈಯ ಸ 131 ಹರ್ಟ್ಜ್, ಬಲಗೈಯ ಪ 392 ಹರ್ಟ್ಜ್. ಅಂದರೆ ಶುರುವಿನಲ್ಲಿ ಮೇಲಿನ ಸ್ವರ ಕೆಳಗಿನದರ ಹೆಚ್ಚುಕಡಿಮೆ 3 ಪಟ್ಟು. ಎಡಗೈ ಪ ಕ್ಕೆ ಬಂದಾಗ 4 ಪಟ್ಟು. ಕೊನೆಯ ಗ 82 ಹರ್ಟ್ಜ್ ಆದ್ದರಿಂದ ಅಲ್ಲಿ ಸುಮಾರು 4.8 ಪಟ್ಟು. ಎರಡರ ನಡುವಿನ ಜಾಗ ಹೆಜ್ಜೆ ಹೆಜ್ಜೆಗೂ ಹಿಗ್ಗುತ್ತಾ ಹೋಗುತ್ತದೆ. ಬಾವಿಯ ನೀರು ಇಳಿದಂತೆಲ್ಲ ಕಟ್ಟೆ ಎತ್ತರವಾದಂತೆ ಕಾಣುತ್ತದಲ್ಲ, ಹಾಗೆ.

ನಮ್ಮ ಕಿವಿಗೆ ಇದು ಸ್ವಲ್ಪ ತಲೆಕೆಳಗು. ತಂಬೂರಿ ಶ್ರುತಿ ಕೆಳಗೆ ಅಲುಗದೆ ಇರುತ್ತದೆ, ಹಾಡುವವರ ಸ್ವರ ಅದರ ಮೇಲೆ ಓಡಾಡುತ್ತದೆ. ಇಲ್ಲಿ ಮೇಲಿನದು ಅಲುಗುವುದಿಲ್ಲ, ಅದನ್ನು ಅಳೆಯುವ ನೆಲವೇ ಸರಿಯುತ್ತದೆ.

ಜಾಗ ಹಿಗ್ಗುವುದು ಅರ್ಧ ಕಥೆ ಮಾತ್ರ. ನಡುವೆ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪುಗಳನ್ನು, ತುಂಬಿ ನೋಡಿ:

```
C  G/B  Am  Am/G  F  C/E  Dm  G
```

ಓರೆಗೆರೆಯ ಮುಂದಿನ ಅಕ್ಷರ ಎಡಗೈಗೆ, ಓರೆಗೆರೆ ಇಲ್ಲದಲ್ಲಿ ಕಾರ್ಡಿನ ಮೊದಲ ಅಕ್ಷರವೇ. ನಮ್ಮ ಲೆಕ್ಕದಲ್ಲಿ C ಸ, B ನಿ, A ದ, G ಪ, F ಮ, E ಗ, D ರಿ. ಈಗ ಅದೇ ಪ ಪ್ರತಿ ಹೆಜ್ಜೆಗೂ ಬೇರೆ ಪಾತ್ರ ಹಾಕುತ್ತದೆ. ಮೊದಲೆರಡು ಕಾರ್ಡಿನಲ್ಲಿ ಅದು ಮನೆಯ ಸದಸ್ಯ. ಮೂರನೆಯದರಲ್ಲಿ ಕೆಳಗೆ ದ ಬರುತ್ತದೆ, ಆ ಕಾರ್ಡಿನಲ್ಲಿ ಪ ಇಲ್ಲವೇ ಇಲ್ಲ, ಹಾಗಾಗಿ ಸಣ್ಣ ಎಳೆತ ಹುಟ್ಟುತ್ತದೆ. ನಾಲ್ಕನೆಯದರಲ್ಲಿ ಎಡಗೈಯೂ ಪ ಆದ್ದರಿಂದ ಕೊಂಚ ಸಮಾಧಾನ. ಐದನೆಯದರಲ್ಲಿ ಕೆಳಗೆ ಮ: ಮತ್ತೆ ಎಳೆತ, ನನಗೆ ಇಡೀ ಸಾಲಿನಲ್ಲಿ ಗಂಟಲು ಕಟ್ಟುವುದು ಇಲ್ಲೇ. ಗ ಬಂದಾಗ ಸಡಿಲ. ಎಳೆದು ಬಿಡುವ ಈ ಆಟ ಎಲ್ಲೂ ಚುಚ್ಚುವುದಿಲ್ಲ, ಏಕೆಂದರೆ ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ, ಕೊನೆಯ G ಬರುವ ತನಕ ಎಲ್ಲೂ ಜಿಗಿಯುವುದಿಲ್ಲ. ಎರಡು ಮೂರು ಹೆಜ್ಜೆ ಕೇಳಿದ ಕಿವಿ ಮುಂದಿನ ಮೆಟ್ಟಿಲಿಗೆ ತಾನೇ ಕಾಯತೊಡಗುತ್ತದೆ.

ಯಾವ ಸ್ವರ ಹಿಡಿದರೂ ಇದು ಆಗುತ್ತದೆ ಅಂದುಕೊಳ್ಳಬೇಡಿ. ಪ ಬದಲು ಮೇಲಿನ ಸ ಹಿಡಿದು ಅದೇ ಸಾಲು ನುಡಿಸಿ. ಎರಡನೇ ಹೆಜ್ಜೆಯಲ್ಲೇ ಕೆಳಗಿನ ನಿ ಜೊತೆ ಜಗಳ ಶುರು. ಎರಡೂ ಅಕ್ಕಪಕ್ಕದ ಮನೆಯ ಸ್ವರಗಳು, ನಡುವೆ ಸ್ಥಾಯಿ ಅಂತರವಿದ್ದರೂ ಕಿವಿಗೆ ಒರಟು.

ಜರ್ಮನ್ ಸಂಯೋಜಕ ಬಾಕ್‌ನ 3ನೇ ಆರ್ಕೆಸ್ಟ್ರಾ ಸೂಟ್‌ನ ‘ಏರ್’ ಎಂಬ ಭಾಗ ಶುರುವಾಗುವುದು ಹೀಗೆಯೇ. ಮೊದಲ ಪಿಟೀಲು ಒಂದು ಇಡೀ ಬಾರ್, ಅಂದರೆ ತಾಳದ ಒಂದು ಸುತ್ತು, ಒಂದೇ ಸ್ವರ ಎಳೆಯುತ್ತದೆ. ನಮ್ಮ ಲೆಕ್ಕದಲ್ಲಿ ಅದು ಗ. ಕೆಳಗೆ ಬಾಸ್ ಸ, ನಿ, ದ, ಪ ಎಂದು ಇಳಿಯುತ್ತದೆ. ಒಂದು ವ್ಯತ್ಯಾಸ: ಬಾಕ್ ಪ್ರತಿ ಸ್ವರವನ್ನೂ ಎರಡು ಸ್ಥಾಯಿಯಲ್ಲಿ ನುಡಿಸುತ್ತಾನೆ, ಒಮ್ಮೆ ಕೆಳಗೆ ಒಮ್ಮೆ ಮೇಲೆ. ಆದರೂ ಇಳಿಯುವ ಗೆರೆ ಕಿವಿಗೆ ತಪ್ಪುವುದಿಲ್ಲ.

ಗೆರೆ ತಪ್ಪಿದರೆ ಏನಾಗುತ್ತದೆ ಎಂದು ನನಗೆ ಗೊತ್ತಾಗಿದ್ದು ಒಂದು ಸುಗಮ ಸಂಗೀತ ಕಾರ್ಯಕ್ರಮದಲ್ಲಿ. ನಾನು ಕೀಬೋರ್ಡಿನಲ್ಲಿ ಕಷ್ಟಪಟ್ಟು ಸ, ನಿ, ದ ಇಳಿಯುತ್ತಿದ್ದೆ. ಬಾಸ್ ಗಿಟಾರಿನವರು ಕಾರ್ಡಿನ ಮೊದಲ ಅಕ್ಷರ ಮಾತ್ರ ನೋಡಿ ಸ, ಪ, ದ ನುಡಿಸುತ್ತಿದ್ದರು. ಕಾರ್ಡ್ ಎಲ್ಲವೂ ಸರಿ, ಯಾರೂ ತಪ್ಪು ಸ್ವರ ಒತ್ತಿರಲಿಲ್ಲ. ಆದರೆ ಕಿವಿ ಅಡಿಪಾಯ ಅಂತ ಹಿಡಿಯುವುದು ಎಲ್ಲಕ್ಕಿಂತ ಕೆಳಗಿನ ಸದ್ದನ್ನು. ಅದು ಜಿಗಿದಾಡುತ್ತಿದ್ದಾಗ ನನ್ನ ಮೆಟ್ಟಿಲು ಯಾರಿಗೆ ಕೇಳಬೇಕು? ಅಂದಿನಿಂದ ಬಾಸ್‌ನವರಿಗೆ ಎಡಗೈಯ ಅಕ್ಷರಗಳನ್ನಷ್ಟೇ ಬೇರೆ ಚೀಟಿಯಲ್ಲಿ ಬರೆದುಕೊಡುತ್ತೇನೆ.

ಇನ್ನೊಂದು ತಪ್ಪು ಎಡಗೈಯಲ್ಲಿ ಜಾಸ್ತಿ ಸ್ವರ ಒತ್ತುವುದು. ಅಷ್ಟು ಕೆಳಗೆ ಹತ್ತಿರ ಹತ್ತಿರದ ಸ್ವರಗಳನ್ನು ಕಿವಿ ಬಿಡಿಸಿಕೊಳ್ಳಲಾರದು, ಸುಮ್ನೆ ಗುರ್ ಅನ್ನುತ್ತದೆ. ಒಂದೇ ಬೆರಳು ಸಾಕು.

ಫೋನಿನಲ್ಲಿ ಪ್ರಯತ್ನಿಸಿದವರಿಗೆ ಒಂದು ಮಾತು. ಅದರ ಪುಟ್ಟ ಸ್ಪೀಕರ್ 82 ಹರ್ಟ್ಜ್ ಅನ್ನು ಹೊರಡಿಸುವುದೇ ಇಲ್ಲ ಎನ್ನಬಹುದು. ಆದರೆ ಆ ಸ್ವರದ ಜೊತೆ ಹುಟ್ಟುವ 164, 246, 328 ಹರ್ಟ್ಜ್‌ಗಳಲ್ಲಿ ಮೇಲಿನವು ಹೊರಬರುತ್ತವೆ, ಅವುಗಳ ನಡುವಿನ ಅಂತರ ನೋಡಿ ಮಿದುಳು ಕಾಣೆಯಾದ 82 ಅನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ಮೆಟ್ಟಿಲು ಕೇಳುತ್ತದೆ, ಅದರ ತೂಕ ಮಾತ್ರ ಇರುವುದಿಲ್ಲ. ಹೆಡ್‌ಫೋನ್ ಹಾಕಿ ಇನ್ನೊಮ್ಮೆ ನುಡಿಸಿ, ಐದನೇ ಹೆಜ್ಜೆಯ ಮ ಬಂದಾಗ ಬಲಗೈ ಬೆರಳು ಎತ್ತದೆ ಕಾಯಿರಿ.