ದುಪ್ಪಟ್ಟು ಹೊತ್ತು ಕಾದರೂ ಸರ್ವರ್ ಏಕೆ ಚೇತರಿಸಿಕೊಳ್ಳುವುದಿಲ್ಲ?

ಪ್ರಶ್ನೆ: ಕಲಬುರಗಿ ಜಿಲ್ಲೆಯ ಆಳಂದ, ಸೇಡಂ, ಚಿತ್ತಾಪುರ ತಾಲ್ಲೂಕುಗಳ ತೊಗರಿ ಹೊಲಗಳಲ್ಲಿ ಮಣ್ಣಿನ ತೇವಾಂಶ ಅಳೆಯುವ 600 ಸಾಧನಗಳನ್ನು ಕೂರಿಸಿದ್ದೇವೆ. ಅವೆಲ್ಲ ನಗರದಲ್ಲಿರುವ ನಮ್ಮ ಸರ್ವರ್ ಜೊತೆ ಸದಾ ಸಂಪರ್ಕದಲ್ಲಿರುತ್ತವೆ. ಸರ್ವರ್ ಇರುವ ಕಡೆ ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಬಹಳ ಹೊತ್ತು ಪರದಾಟ. ಲಾಗಿನ್ ಆಗದ ಸಾಧನ 1, 2, 4, 8 ಸೆಕೆಂಡ್ ಎಂದು ದುಪ್ಪಟ್ಟು ಕಾದು ಮರುಪ್ರಯತ್ನ ಮಾಡುವಂತೆಯೇ ಬರೆದಿದ್ದೇವೆ. ಆದರೂ ಏಕೆ ಹೀಗಾಗುತ್ತದೆ?

ಉತ್ತರ: ನಿಮ್ಮ ಸಾಧನಗಳು ಕಾಯುತ್ತಿವೆ, ನಿಜ. ಆದರೆ ಎಲ್ಲವೂ ಒಂದೇ ಲೆಕ್ಕದಲ್ಲಿ ಕಾಯುತ್ತಿವೆ. ಹಳ್ಳಿಯಲ್ಲಿ ಕರೆಂಟ್ ಬಂದ ಕ್ಷಣವೇ ಆಟೋ ಸ್ಟಾರ್ಟರ್ ಇರುವ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹಾರಿಸುವುದನ್ನು ನೀವು ಕಂಡಿರುತ್ತೀರಿ. ಇಲ್ಲಿಯೂ ಸರ್ವರ್ ಬಿದ್ದ ಗಳಿಗೆಯೇ 600 ಗಡಿಯಾರಗಳನ್ನು ಒಂದೇ ಸಮಯಕ್ಕೆ ಹೊಂದಿಸಿಬಿಡುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಸರ್ವರ್ ಸೆಕೆಂಡಿಗೆ 50 ಲಾಗಿನ್ ಮುಗಿಸಬಲ್ಲದು, ಸಾಧನ 5 ಸೆಕೆಂಡ್ ನೋಡಿ ಉತ್ತರ ಬಾರದಿದ್ದರೆ ಕೈಬಿಡುತ್ತದೆ ಎಂದುಕೊಳ್ಳಿ. ಸರ್ವರ್ ಎದ್ದ ಕ್ಷಣ 600 ಕೋರಿಕೆಗಳು ಬಂದು ಸಾಲುಗಟ್ಟುತ್ತವೆ. 5 ಸೆಕೆಂಡಿನಲ್ಲಿ 250 ಸಾಧನಗಳು ಒಳಗೆ ಬರುತ್ತವೆ, ಉಳಿದ 350 ಕೈಬಿಡುತ್ತವೆ. ಆದರೆ ಅವು ಕೈಬಿಟ್ಟದ್ದು ಸರ್ವರ್‌ಗೆ ಗೊತ್ತಿಲ್ಲ. ಆ 350 ಕೋರಿಕೆಗಳು ಸಾಲಿನಲ್ಲೇ ಇವೆ, 12ನೆಯ ಸೆಕೆಂಡಿನವರೆಗೂ ಸರ್ವರ್ ಅವುಗಳಿಗಾಗಿಯೇ ದುಡಿಯುತ್ತದೆ, ಉತ್ತರ ಪಡೆಯಲು ಆ ಕಡೆ ಯಾರೂ ಇಲ್ಲದಿದ್ದರೂ.

ಈಗ 1 ಸೆಕೆಂಡ್ ಕಾದ 350 ಸಾಧನಗಳು 6ನೆಯ ಸೆಕೆಂಡಿಗೆ ಒಟ್ಟಾಗಿ ಮರಳುತ್ತವೆ. ಮುಂದೆ ಇನ್ನೂ 300 ಸತ್ತ ಕೋರಿಕೆಗಳಿವೆ. ತಮ್ಮ ಸರದಿ ಬರುವ ಮೊದಲೇ, 11ನೆಯ ಸೆಕೆಂಡಿಗೆ ಇವೂ ಕೈಬಿಡುತ್ತವೆ. ಈ ಸುತ್ತಿನಲ್ಲಿ ಒಂದೂ ಒಳಗೆ ಬರಲಿಲ್ಲ. 2 ಸೆಕೆಂಡ್ ಕಾದು 13ಕ್ಕೆ ಬಂದಾಗಲೂ ಮುಂದೆ 300 ಸತ್ತ ಕೋರಿಕೆಗಳು, ಮತ್ತೆ ಒಂದೂ ಇಲ್ಲ. 22ಕ್ಕೆ ಬಂದಾಗ 200 ಉಳಿದಿರುತ್ತವೆ, ಆಗ 50 ಸಾಧನಗಳಿಗೆ ಮಾತ್ರ ದಾರಿ ಸಿಗುತ್ತದೆ. ಸರ್ವರ್ ಒಂದು ಕ್ಷಣವೂ ಸುಮ್ಮನಿರಲಿಲ್ಲ, ಆದರೂ ಅದರ ದುಡಿಮೆಯ ಬಹುಪಾಲು ವ್ಯರ್ಥವಾಯಿತು. ದುಪ್ಪಟ್ಟು ಕಾಯುವಿಕೆ ಗುಂಪನ್ನು ದೂರ ತಳ್ಳಿತೇ ಹೊರತು ಗುಂಪನ್ನು ಒಡೆಯಲಿಲ್ಲ.

ಒಡೆಯುವುದಕ್ಕೆ ಬೇಕಾದದ್ದು ಜಿಟರ್: ಪ್ರತಿ ಸಾಧನವೂ ಕಾಯುವ ಹೊತ್ತನ್ನು ತನ್ನಷ್ಟಕ್ಕೆ ಚೀಟಿ ಎತ್ತಿ ಆರಿಸಿಕೊಳ್ಳಬೇಕು. ಇದು ಹೊಸ ಉಪಾಯವೇನಲ್ಲ. ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದ ಹಳೆಯ ಈಥರ್‌ನೆಟ್‌ನಲ್ಲಿ ಸಂದೇಶಗಳು ಡಿಕ್ಕಿಯಾದಾಗ ಕಂಪ್ಯೂಟರ್‌ಗಳು ಇದನ್ನೇ ಮಾಡುತ್ತಿದ್ದವು. ಪ್ರತಿ ಡಿಕ್ಕಿಗೂ ಚೀಟಿಯ ವ್ಯಾಪ್ತಿ ದುಪ್ಪಟ್ಟಾಗುತ್ತಿತ್ತು. ದುಪ್ಪಟ್ಟನ್ನು ಮಾತ್ರ ಉಳಿಸಿಕೊಂಡು ಚೀಟಿಯನ್ನು ಬಿಟ್ಟರೆ ಅರ್ಧ ಮದ್ದು ಕುಡಿದಂತೆ.

ಕೆಲವರು 1 ಸೆಕೆಂಡಿಗೆ ಶೇಕಡಾ 10ರಷ್ಟು ಹೆಚ್ಚುಕಡಿಮೆ ಸೇರಿಸಿ ಸಮಾಧಾನಪಡುತ್ತಾರೆ. ನಿಮ್ಮಲ್ಲಿ ಅದು ಸಾಲದು. 600 ಲಾಗಿನ್‌ಗಳಿಗೆ ಸೆಕೆಂಡಿಗೆ 50ರಂತೆ ಕನಿಷ್ಠ 12 ಸೆಕೆಂಡ್ ಬೇಕು, ಆದ್ದರಿಂದ ಹರಡುವ ಅವಧಿ ಅದಕ್ಕಿಂತ ಸಾಕಷ್ಟು ಅಗಲವಿರಬೇಕು. ನಾನಾದರೆ 30 ಸೆಕೆಂಡಿನಿಂದ ಆರಂಭಿಸುತ್ತೇನೆ:

```python
wait = random.uniform(0, min(300, 30 * 2 ** n))
```

ಇಲ್ಲಿ `n` ಎಂದರೆ ಈವರೆಗೆ ವಿಫಲವಾದ ಪ್ರಯತ್ನಗಳ ಎಣಿಕೆ. ಸೊನ್ನೆಯಿಂದ ಮಿತಿಯವರೆಗೆ ಎಲ್ಲಿ ಬೇಕಾದರೂ ಬೀಳುವ ಈ ಬಗೆಯನ್ನು ಫುಲ್ ಜಿಟರ್ ಎನ್ನುತ್ತಾರೆ. ಸಂಪರ್ಕ ಕಡಿದ ಕೂಡಲೇ, ಮೊದಲ ಮರುಸಂಪರ್ಕಕ್ಕೂ ಮುನ್ನವೇ `n = 0` ಇಟ್ಟು ಇದನ್ನು ಬಳಸಿ. ಮೊದಲ ನೂಕುನುಗ್ಗಲು ಹುಟ್ಟುವುದೇ ಅಲ್ಲಿ. ಆಗ ಮೊದಲ ಸುತ್ತಿನಲ್ಲಿ ಸೆಕೆಂಡಿಗೆ ಸರಾಸರಿ 20 ಕೋರಿಕೆಗಳು ಬರುತ್ತವೆ, 50 ಮುಗಿಸಬಲ್ಲ ಸರ್ವರ್ ಅವನ್ನು ಸಲೀಸಾಗಿ ನಿಭಾಯಿಸುತ್ತದೆ.

ಇದಕ್ಕೆ ತೆರುವ ಬೆಲೆ ಮೊದಲ ಸುತ್ತಿನಲ್ಲಿ ಸರಾಸರಿ 15 ಸೆಕೆಂಡಿನ ತಡ; ಸರ್ವರ್ ಬಹಳ ಹೊತ್ತು ಬಿದ್ದಿದ್ದರೆ ಕಾಯುವಿಕೆ 300 ಸೆಕೆಂಡಿನವರೆಗೂ ಹೋಗಬಹುದು. ಮಣ್ಣಿನ ತೇವಾಂಶದ ಅಂಕಿಗೆ ಅದರಿಂದ ಏನೂ ಆಗದು. ಕೌಂಟರ್ ಮುಂದೆ ಮನುಷ್ಯರು ನಿಂತು ಹಣ ಕಟ್ಟುವ ಕಡೆ ಇಷ್ಟು ಕಾಯಿಸುವುದು ಸಲ್ಲದು; ಅಲ್ಲಿ ಸರ್ವರ್‌ನ ಶಕ್ತಿಯನ್ನೇ ಹೆಚ್ಚಿಸಬೇಕು. ದಿನನಿತ್ಯದ ಹೊರೆಯೇ ಸರ್ವರ್‌ಗೆ ಮೀರಿದ್ದರೂ ಜಿಟರ್ ನೆರವಿಗೆ ಬಾರದು, ಅದು ಹೊರೆಯನ್ನು ಹರಡುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ಸಾಧನದ ಪ್ರೋಗ್ರಾಂ ಸಿ ಭಾಷೆಯಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ರ‍್ಯಾಂಡಮ್ ಸರಣಿ ಎಲ್ಲಿಂದ ಹೊರಡಬೇಕೆಂದು ಹೇಳುವ ಬೀಜಸಂಖ್ಯೆ ಕೊಡದೆ `rand()` ಕರೆದರೆ ಅದು ಸಾಧನ ಬೂಟ್ ಆದ ಪ್ರತಿ ಸಲವೂ `srand(1)` ಎಂದು ಕೊಟ್ಟಂತೆಯೇ ನಡೆದು ಅದೇ ಸರಣಿಯನ್ನು ಒಪ್ಪಿಸುತ್ತದೆ. ಒಂದೇ ಪ್ರೋಗ್ರಾಂ ತುಂಬಿದ 600 ಸಾಧನಗಳೂ ಆಗ ಒಂದೇ ಚೀಟಿ ಎತ್ತುತ್ತವೆ. ಬೂಟ್ ಆದ ಸಮಯವನ್ನು ಬೀಜವಾಗಿ ಕೊಟ್ಟರೂ ಒಟ್ಟಿಗೆ ಬೂಟ್ ಆದವುಗಳಿಗೆ ಅದೇ ಗತಿ. ಪ್ರತಿ ಸಾಧನದ ಸೀರಿಯಲ್ ಸಂಖ್ಯೆಯನ್ನು ಬೀಜಕ್ಕೆ ಬೆರೆಸಿ, ಅಥವಾ ಚಿಪ್‌ನಲ್ಲೇ ಇರುವ ರ‍್ಯಾಂಡಮ್ ಸಂಖ್ಯೆಯ ಸೌಲಭ್ಯವನ್ನು ಬಳಸಿ. ನಿಮ್ಮ ಚಿಪ್ ESP32 ಆದರೆ ವೈ-ಫೈ ಚಾಲೂ ಇರುವಾಗ `esp_random()` ಸಾಕು. ನಂತರ ಸರ್ವರ್ ಅನ್ನು ಬೇಕೆಂದೇ ಒಮ್ಮೆ ಮರುಚಾಲನೆ ಮಾಡಿ, ಲಾಗ್‌ನಲ್ಲಿ ಪ್ರತಿ ಸೆಕೆಂಡಿಗೆ ಬಂದ ಲಾಗಿನ್‌ಗಳನ್ನು ಎಣಿಸಿ. 20ರ ಆಸುಪಾಸಿನ ಅಥವಾ ಅದಕ್ಕೂ ಕಡಿಮೆಯ ಸಮನಾದ ಹರಿವು ಕಂಡರೆ ಸರಿಯಾಗಿದೆ; ನಡುನಡುವೆ ಖಾಲಿ ಬಿಟ್ಟು ನೂರಾರರ ಕಂಬಗಳು ಎದ್ದಿದ್ದರೆ ಬೀಜಸಂಖ್ಯೆಯನ್ನು ಮತ್ತೊಮ್ಮೆ ನೋಡಿ.